ಕೋಣೆಗೆ ಐದು ಲೀಟರ್ ಪೇಂಟ್ ಸಾಕಾ, ಹತ್ತು ಬೇಕಾ?

ಪ್ರಶ್ನೆ: ನಮ್ಮದು ವಿರಾಜಪೇಟೆ ಹತ್ತಿರ ಹಳೆ ಹಂಚಿನ ಮನೆ. ಹುತ್ತರಿಗೆ ಮುಂಚೆ ಒಂದು ಕೋಣೆಗಾದರೂ ಪೇಂಟ್ ಮಾಡಿಸಬೇಕು. ಕೋಣೆ 16 ಅಡಿ ಉದ್ದ, 12 ಅಡಿ ಅಗಲ. ಮಾಡು ಇಳಿಜಾರಾಗಿರುವುದರಿಂದ ಒಂದು ಉದ್ದದ ಗೋಡೆ 9 ಅಡಿ ಎತ್ತರ, ಎದುರಿನದು 13 ಅಡಿ. 7ಕ್ಕೆ 3 ಅಡಿಯ ಎರಡು ಬಾಗಿಲು, 4ಕ್ಕೆ 4 ಅಡಿಯ ಎರಡು ಕಿಟಕಿ ಇವೆ. ಎತ್ತರದ ಗೋಡೆಯಲ್ಲಿ ಬಾಗಿಲು, ಕಿಟಕಿ ಯಾವುದೂ ಇಲ್ಲ. ಗೋಡೆ ದಪ್ಪ, ಕಿಟಕಿಯ ಒಳಗೆ ಸುತ್ತಲೂ ಒಂದು ಅಡಿ ಗೋಡೆ ಕಾಣುತ್ತದೆ. ಎಮಲ್ಷನ್ ಡಬ್ಬದ ಮೇಲೆ ಲೀಟರಿಗೆ 120ರಿಂದ 140 ಚದರ ಅಡಿ ಅಂತ ಇದೆ. ಎರಡು ಕೋಟ್‌ಗೆ ಪೇಂಟರ್ ಹತ್ತು ಲೀಟರ್ ಕೇಳುತ್ತಾರೆ, ಅಂಗಡಿಯವರು ಐದು ಸಾಕು ಅನ್ನುತ್ತಾರೆ. ಯಾರ ಮಾತು ಸರಿ?

ಉತ್ತರ: ಅಂಗಡಿಯವರ ಲೆಕ್ಕ ಸತ್ಯಕ್ಕೆ ಹತ್ತಿರ. ಆದರೆ ನಿಮ್ಮ ಗೋಡೆಗೆ ಐದು ಸ್ವಲ್ಪ ಕಡಿಮೆಯಾಗುತ್ತದೆ, ಆರು ಲೀಟರ್ ತನ್ನಿ. ಅದು ಹೇಗೆ ಅಂತ ಹೇಳುತ್ತೇನೆ.

ಮೊದಲು ಗೋಡೆ ಅಳೆಯೋಣ. ಇಳಿಜಾರು ಮಾಡಿನ ಕೋಣೆಯಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ. ಎತ್ತರದ ಕಡೆ ಟೇಪ್ ಹಿಡಿದು, 13 ಅಡಿ ಅಂತ ಬರೆದುಕೊಂಡು, ಕೋಣೆಯ ಸುತ್ತಳತೆ 56 ಅಡಿಗೆ ಗುಣಿಸಿಬಿಡುತ್ತಾರೆ. ಆಗ 728 ಚದರ ಅಡಿ ಬರುತ್ತದೆ. ತಗ್ಗಿನ ಕಡೆ ಅಳೆದವರಿಗೆ 504 ಬರುತ್ತದೆ. ಎರಡೂ ತಪ್ಪು. ನಾಲ್ಕು ಗೋಡೆಯನ್ನೂ ಬೇರೆ ಬೇರೆಯಾಗಿ ಲೆಕ್ಕ ಹಾಕಬೇಕು. ತಗ್ಗಿನ ಗೋಡೆ 16 ಗುಣಿಸು 9, ಅಂದರೆ 144. ಎತ್ತರದ ಗೋಡೆ 16 ಗುಣಿಸು 13, ಅಂದರೆ 208. ಉಳಿದ ಎರಡು ಗೋಡೆಗಳು ಒಂದು ತುದಿಯಲ್ಲಿ 9 ಅಡಿ, ಇನ್ನೊಂದು ತುದಿಯಲ್ಲಿ 13 ಅಡಿ. 9ಕ್ಕೆ 13 ಕೂಡಿಸಿ ಅರ್ಧ ಮಾಡಿದರೆ ಸರಾಸರಿ ಎತ್ತರ 11 ಅಡಿ. ಅದನ್ನು 12ಕ್ಕೆ ಗುಣಿಸಿದರೆ ಒಂದೊಂದು ಗೋಡೆ 132. ಎಲ್ಲ ಸೇರಿ 616 ಚದರ ಅಡಿ.

ಇನ್ನು ಕಳೆಯುವ ಲೆಕ್ಕ. ಬಾಗಿಲು ಒಂದೊಂದು 21 ಚದರ ಅಡಿ, ಎರಡಕ್ಕೆ 42. ಇದನ್ನು ಕಳೆಯಿರಿ. ಕಿಟಕಿಯನ್ನು ಮಾತ್ರ ನಿಮ್ಮ ಮನೆಯಲ್ಲಿ ಕಳೆಯಲೇಬೇಡಿ. ಯಾಕೆ ಅಂದರೆ ಕಿಟಕಿಯ ಸುತ್ತಳತೆ 16 ಅಡಿ, ಒಳಗೆ ಕಾಣುವ ಗೋಡೆಯ ದಪ್ಪ ಒಂದು ಅಡಿ. ಆ ದಪ್ಪಕ್ಕೂ ಪೇಂಟ್ ಹೊಡೆಯಬೇಕಲ್ವಾ? ಅದೇ 16 ಚದರ ಅಡಿ ಆಯಿತು. ಕಿಟಕಿಯ ಅಳತೆಯೂ 16 ಚದರ ಅಡಿಯೇ. ಕಳೆದಷ್ಟೇ ಮತ್ತೆ ಸೇರಿಸಬೇಕು. ಗೋಡೆ ದಪ್ಪ ಇರುವ ಹಳೆ ಮನೆಗಳಲ್ಲಿ ಇದು ಸಾಮಾನ್ಯ. ಹೊಸ ಮನೆಗಳಲ್ಲಿ ಕಿಟಕಿಯ ಒಳಗೆ ಅರ್ಧ ಅಡಿಯಷ್ಟೇ ಕಂಡರೆ, ಇದೇ ಅಳತೆಯ ಕಿಟಕಿಗೆ 16ರ ಬದಲು 8 ಕಳೆದರೆ ಸರಿ. ಗಾಳಿ ಕಿಂಡಿ, ಸ್ವಿಚ್ ಬೋರ್ಡ್‌ನಂಥ ಸಣ್ಣಪುಟ್ಟದ್ದನ್ನು ಯಾವ ಮನೆಯಲ್ಲೂ ಕಳೆಯುವುದು ಬೇಡ.

ಹೀಗೆ 616ರಲ್ಲಿ 42 ಹೋಗಿ 574 ಚದರ ಅಡಿ ಉಳಿಯಿತು.

ಐದು–ಹತ್ತರ ಜಗಳ ಹುಟ್ಟಿದ್ದು ಮುಂದಿನ ಮೆಟ್ಟಿಲಲ್ಲಿ. 574ನ್ನು 120ರಿಂದ ಭಾಗಿಸಿದರೆ 4.8 ಲೀಟರ್. ಅಂಗಡಿಯವರ ಐದು ಇದೇ. ಅದನ್ನೇ ಎರಡು ಕೋಟ್ ಅಂತ ದುಪ್ಪಟ್ಟು ಮಾಡಿದರೆ 9.6. ಪೇಂಟರ್ ಹೇಳಿದ ಹತ್ತು ಬಂದಿರುವುದು ಹೀಗೇ ಇರಬೇಕು. ಹಾಗಾದರೆ ಡಬ್ಬದ ಮೇಲಿನ 120 ಒಂದು ಕೋಟ್‌ಗಾ, ಎರಡು ಕೋಟ್‌ಗಾ? ಡಬ್ಬವನ್ನು ತಿರುಗಿಸಿ ಆ ಸಾಲನ್ನು ಪೂರ್ತಿ ಓದಿ. ನಮ್ಮಲ್ಲಿ ಸಿಗುವ ಒಳಗೋಡೆಯ ಎಮಲ್ಷನ್‌ಗಳಲ್ಲಿ ಹಲವಕ್ಕೆ ಎರಡು ಕೋಟ್ ಸೇರಿಸಿಯೇ ಅಂಕಿ ಕೊಟ್ಟಿರುತ್ತಾರೆ. ಕೆಲವಕ್ಕೆ ಒಂದು ಕೋಟ್‌ನ ಅಂಕಿ ಇರುತ್ತದೆ, ಆಗ ಅದು 200 ದಾಟಿರುವುದೇ ಜಾಸ್ತಿ. ಎಮಲ್ಷನ್‌ಗೆ 120–140 ಅಂತ ಇದ್ದರೆ ಅದು ಎರಡು ಕೋಟ್‌ನ ಅಂಕಿ ಎಂದೇ ನಾನು ನಂಬುತ್ತೇನೆ. ಆದರೂ ಓದಿ ಖಚಿತ ಮಾಡಿಕೊಳ್ಳಿ. ಈ ಒಂದು ಸಾಲಿನಿಂದ ಖರ್ಚು ದುಪ್ಪಟ್ಟಾಗುತ್ತದೆ.

ಇನ್ನೊಂದು ವಿಷಯ. ಆ ಅಂಕಿ ನಯವಾದ, ಸಿದ್ಧಪಡಿಸಿದ ಗೋಡೆಗೆ ಕೊಟ್ಟದ್ದು. ಹಳೆ ಗೋಡೆ ಸಮ ಇರುವುದಿಲ್ಲ, ಅಲ್ಲಲ್ಲಿ ಪುಟ್ಟಿ ಹಾಕಿರುತ್ತಾರೆ, ರೋಲರ್‌ನಲ್ಲೂ ಬಕೆಟ್‌ನಲ್ಲೂ ಸ್ವಲ್ಪ ಪೇಂಟ್ ಉಳಿದುಬಿಡುತ್ತದೆ. ಅದಕ್ಕೆ ನಾನು ಕೆಳಗಿನ ಅಂಕಿಗಿಂತಲೂ ಇಳಿದು 110 ಹಿಡಿಯುತ್ತೇನೆ. 574 ಭಾಗಿಸು 110, ಸುಮಾರು 5.2 ಲೀಟರ್. ಆಮೇಲೆ ಕಲೆ ಮುಚ್ಚಲು ಸ್ವಲ್ಪ ಇರಲಿ. ನಾಲ್ಕು ಲೀಟರಿನದೊಂದು, ಒಂದು ಲೀಟರಿನವು ಎರಡು ಡಬ್ಬ ತಂದರೆ ಸರಿಹೋಗುತ್ತದೆ. ಅಂಗಡಿಯಲ್ಲೇ ಬಣ್ಣ ಬೆರೆಸಿ ಕೊಡುವ ಡಬ್ಬಗಳಲ್ಲಿ ಕೆಲವು 4ರ ಬದಲು 3.6 ಲೀಟರ್ ಇರುತ್ತವೆ. ನಿವ್ವಳ ಪ್ರಮಾಣ ನೋಡಿಕೊಳ್ಳಿ.

ಪೇಂಟರ್ ಹೇಳಿದ್ದು ಸುಳ್ಳಾಗದ ಸಂದರ್ಭವೂ ಇದೆ. ಗೋಡೆಗೆ ಮೊದಲು ಸುಣ್ಣ ಹೊಡೆದಿದ್ದರೆ, ಅಥವಾ ಹೊಸ ಪುಟ್ಟಿಯ ಮೇಲೆ ಪ್ರೈಮರ್ ಹಾಕದಿದ್ದರೆ, ಗೋಡೆ ಪೇಂಟನ್ನು ಹೀರಿಬಿಡುತ್ತದೆ. ಅಂಗೈಯಿಂದ ಗೋಡೆ ಉಜ್ಜಿ ನೋಡಿ. ಕೈಗೆ ಬಿಳಿ ಪುಡಿ ಹತ್ತಿದರೆ ಅದನ್ನು ಚೆನ್ನಾಗಿ ಕೆರೆದು, ಒರೆಸಿ, ಪ್ರೈಮರ್ ಹಾಕಿಸಬೇಕು. ಸ್ವಲ್ಪ ನೀರು ಚಿಮುಕಿಸಿ. ತಕ್ಷಣ ಇಂಗಿಹೋದರೂ ಪ್ರೈಮರ್ ಬೇಕು ಅಂತಲೇ ಅರ್ಥ. ಪ್ರೈಮರ್‌ನ ಲೆಕ್ಕ ಬೇರೆ, ಅದರ ಡಬ್ಬದ ಅಂಕಿಯಿಂದ ಭಾಗಿಸಿ.

ಕೆಲಸ ಶುರುವಾದ ಮೊದಲ ದಿನವೇ ಲೆಕ್ಕ ಸರಿಯಾ ಅಂತ ತಿಳಿಯುವ ದಾರಿ ನಿಮ್ಮ ಕೋಣೆಯಲ್ಲೇ ಇದೆ. ಎರಡು ಕೋಟ್‌ಗೆ ಲೀಟರಿಗೆ 110 ಅಂದರೆ ಒಂದು ಕೋಟ್‌ಗೆ 220. ನಿಮ್ಮ ಎತ್ತರದ ಗೋಡೆ 208. ಅಳೆದ ಒಂದು ಲೀಟರ್ ಪೇಂಟ್ ಬೇರೆ ಬಕೆಟ್‌ಗೆ ಸುರಿದು, ಡಬ್ಬದ ಮೇಲೆ ಹೇಳಿದಷ್ಟೇ ನೀರು ಬೆರೆಸಿ, ಮೊದಲ ಕೋಟ್‌ಗೆ ಆ ಗೋಡೆಯಿಂದಲೇ ಶುರು ಮಾಡಿಸಿ. ಲೀಟರ್ ಲೆಕ್ಕ ಹಾಕುವುದು ನೀರು ಬೆರೆಸುವ ಮುಂಚಿನ ಪೇಂಟ್‌ಗೆ. ಗೋಡೆ ಬಹುತೇಕ ಮುಗಿದರೆ ಲೆಕ್ಕ ಸರಿ. ಮೊದಲ ಕೋಟ್ ಸ್ವಲ್ಪ ಜಾಸ್ತಿಯೇ ಕುಡಿಯುತ್ತದೆ, ಒಂದೆರಡು ಅಡಿ ಉಳಿದರೆ ಚಿಂತೆ ಇಲ್ಲ. ಗೋಡೆಯ ಮೂರನೇ ಒಂದು ಭಾಗ ಉಳಿದರೆ ಮಾತ್ರ ಅಲ್ಲಿಗೇ ನಿಲ್ಲಿಸಿ. ಆಗ ಲೀಟರಿಗೆ 140 ಚದರ ಅಡಿಯಷ್ಟೇ ಸಿಗುತ್ತಿದೆ, ಮೊದಲ ಕೋಟ್‌ಗೇ ನಾಲ್ಕು ಲೀಟರ್ ಬೇಕಾಗುತ್ತದೆ. ಇನ್ನೂ ಪೇಂಟ್ ತರುವ ಬದಲು ಉಳಿದ ಗೋಡೆಗಳಿಗೆ ಪ್ರೈಮರ್ ಹಾಕಿಸಿ, ಅದು ಅಗ್ಗ.

ಗೋಡೆಯ ಈಗಿನ ಬಣ್ಣ ಗಾಢವಾಗಿದ್ದು, ನೀವು ತಿಳಿ ಬಣ್ಣ ಆರಿಸಿದ್ದರೆ ಎರಡು ಕೋಟ್‌ನಲ್ಲಿ ಮುಚ್ಚದೇ ಹೋಗಬಹುದು. ಮೂರನೆಯದಕ್ಕೆ 574 ಭಾಗಿಸು 220, ಇನ್ನೂ ಸುಮಾರು 2.6 ಲೀಟರ್ ಬೇಕು.

ಹುತ್ತರಿಗೆ ಮುಂಚೆ ಅಂದಿದ್ದೀರಿ. ನಮ್ಮ ಕೊಡಗಿನ ಮಳೆ ಕುಡಿದ ದಪ್ಪ ಗೋಡೆ ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿ ಇರಬಹುದು. ಎರಡು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಯ ಕೆಳಭಾಗಕ್ಕೆ ನಾಲ್ಕೂ ಬದಿ ಟೇಪ್ ಹಾಕಿ ಅಂಟಿಸಿ, ಒಂದು ದಿನ ಬಿಡಿ. ಬಿಚ್ಚಿದಾಗ ಒಳಗೆ ನೀರಿನ ಹನಿ ಇದ್ದರೆ, ಅಥವಾ ಅಲ್ಲಿನ ಗೋಡೆ ಕಪ್ಪಾಗಿದ್ದರೆ, ಪೇಂಟ್ ಹೊಡೆಯಬೇಡಿ. ಗುಳ್ಳೆ ಎದ್ದು ಸಿಪ್ಪೆ ಬರುತ್ತದೆ, ಎಷ್ಟು ಲೀಟರ್ ತಂದರೂ ನಿಲ್ಲುವುದಿಲ್ಲ. ಹಬ್ಬದ ಆಸೆ ಬಿಟ್ಟು ಜನವರಿ, ಫೆಬ್ರವರಿಯ ಬಿಸಿಲಿಗೆ ಕಾಯುವುದೇ ಒಳ್ಳೆಯದು.

ಡಬ್ಬಗಳನ್ನು ಒಂದೇ ದಿನ, ಒಂದೇ ಅಂಗಡಿಯಲ್ಲಿ ಬಣ್ಣ ಬೆರೆಸಿ ತನ್ನಿ. ಬಣ್ಣದ ನಂಬರ್ ಬರೆದಿಟ್ಟುಕೊಳ್ಳಿ. ಮೊದಲ ಗೋಡೆಯ ಪರೀಕ್ಷೆ ಮುಗಿದ ಮೇಲೆ ಉಳಿದದ್ದನ್ನೆಲ್ಲ ಒಂದೇ ದೊಡ್ಡ ಬಕೆಟ್‌ಗೆ ಸುರಿದು ಕಲಸಿಕೊಂಡರೆ, ಗೋಡೆಯಿಂದ ಗೋಡೆಗೆ ಬಣ್ಣದಲ್ಲಿ ವ್ಯತ್ಯಾಸ ಕಾಣುವುದಿಲ್ಲ.