ರಿಮೋಟ್ ಅಂತ ಬರೆದಿದ್ದಾರೆ, ಆದರೆ ಎಲ್ಲಿಂದ?

ಪ್ರಶ್ನೆ: ಸಾಗರದ ಹತ್ತಿರ ಹಳ್ಳಿಯಲ್ಲಿದ್ದೇನೆ, ಟೆಸ್ಟಿಂಗ್‌ನಲ್ಲಿ ಮೂರು ವರ್ಷ ಅನುಭವ. "ರಿಮೋಟ್" ಅಂತ ಹಾಕಿರ್ತಾರೆ. ಎರಡು ಸಲ ಕೊನೇ ರೌಂಡ್ ಆದ ಮೇಲೆ ಬೆಂಗಳೂರಿಗೆ ಬರಬೇಕು ಅಂದ್ರು. ಇನ್ನೊಂದು ಕಡೆ ರಾತ್ರಿ ಎರಡರ ತನಕ ಕೂರಬೇಕು ಅಂದ್ರು. ಇದನ್ನೆಲ್ಲ ಮೊದಲೇ ಗೊತ್ತುಮಾಡಿಕೊಳ್ಳೋದು ಹೇಗೆ?

ಉತ್ತರ:

ನಾನು ತೀರ್ಥಹಳ್ಳಿ ಕಡೆಯವಳು. ನೀವು ಕೊನೇ ರೌಂಡಿನಲ್ಲಿ ಬಚಾವಾದಿರಿ. ನಾನು ಕೆಲಸಕ್ಕೆ ಸೇರಿ ಏಳು ತಿಂಗಳಾದ ಮೇಲೆ ಸಿಕ್ಕಿಹಾಕಿಕೊಂಡೆ.

ನನ್ನ ಮೊದಲ "ರಿಮೋಟ್" ಕೆಲಸ ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯದ್ದು. ಜಾಹೀರಾತಿನಲ್ಲಿ ರಿಮೋಟ್ ಅಂತ ಇತ್ತು. ಎಚ್‌ಆರ್ ಕೂಡ ಫೋನಿನಲ್ಲಿ "ಸದ್ಯಕ್ಕೆ ಎಲ್ಲರೂ ಮನೆಯಿಂದಲೇ ಮೇಡಂ" ಅಂದರು. ಆ "ಸದ್ಯಕ್ಕೆ" ನನ್ನ ಕಿವಿಗೆ ಬೀಳಲೇ ಇಲ್ಲ. ಆಫರ್ ಲೆಟರ್ ಬಂತು, ಸಂಬಳದ ಪುಟ ನಾಲ್ಕು ಸಲ ಓದಿದೆ, ಉಳಿದದ್ದನ್ನು ಸುಮ್ನೆ ಸ್ಕ್ರಾಲ್ ಮಾಡಿ ಸಹಿ ಹಾಕಿದೆ. ಏಳನೇ ತಿಂಗಳಿಗೆ ಮೇಲ್ ಬಂತು: ಮುಂದಿನ ತಿಂಗಳಿಂದ ವಾರಕ್ಕೆ ಮೂರು ದಿನ ಆಫೀಸ್. ನಾನು ರಿಮೋಟ್ ಅಂತ ಸೇರಿದವಳು ಅಂತ ಬರೆದೆ. ಅವರು ವಾದಕ್ಕೇ ಬರಲಿಲ್ಲ. ನನ್ನದೇ ಲೆಟರಿನ ಎರಡನೇ ಪುಟವನ್ನು ವಾಪಸ್ ಕಳಿಸಿದರು. ಅಲ್ಲಿ "ಬೇಸ್ ಲೊಕೇಶನ್: ಬೆಂಗಳೂರು" ಅಂತ ಒಂದು ಸಾಲು. ಅದರ ಕೆಳಗೆ, ಕಂಪನಿ ಹೇಳಿದಾಗ ಅದರ ಯಾವ ಆಫೀಸಿನಿಂದ ಬೇಕಾದರೂ ಕೆಲಸ ಮಾಡಬೇಕು ಅಂತ ಇನ್ನೊಂದು ಸಾಲು. ರಿಮೋಟ್ ಅನ್ನುವ ಪದ ಇಡೀ ಲೆಟರಿನಲ್ಲಿ ಎಲ್ಲೂ ಇರಲಿಲ್ಲ.

ಅವತ್ತಿನಿಂದ ನಾನು ಜಾಹೀರಾತಿನ "ರಿಮೋಟ್" ಪದಕ್ಕೆ ಬೆಲೆ ಕೊಡುವುದಿಲ್ಲ. ಬೇಸ್ ಲೊಕೇಶನ್ ಏನು ಅಂತ ನೋಡುತ್ತೇನೆ. ಓಡಾಟದ ದುಡ್ಡೂ ಅದರ ಮೇಲೇ ನಿಂತಿದೆ. ಲೆಟರಿನಲ್ಲಿ ಬೆಂಗಳೂರು ಅಂತ ಇದ್ದರೆ, ನೀವು ಸಾಗರದಿಂದ ಬೆಂಗಳೂರಿನ ಆಫೀಸಿಗೆ ಹೋಗುವುದು ಕಂಪನಿಯ ಲೆಕ್ಕದಲ್ಲಿ ಪ್ರಯಾಣವೇ ಅಲ್ಲ. ಜಯನಗರದವರು ಬಸ್ ಹತ್ತಿ ಆಫೀಸಿಗೆ ಬಂದ ಹಾಗೆ ಅಷ್ಟೇ. ರೈಲು, ರೂಮು, ಊಟ ಎಲ್ಲ ನಿಮ್ಮ ಕೈಯಿಂದ. ಅದೇ ಲೆಟರಿನಲ್ಲಿ ನಿಮ್ಮ ಮನೆಯ ವಿಳಾಸ ಇದ್ದರೆ ಅದು ಕಂಪನಿ ಕೆಲಸದ ಪ್ರಯಾಣ ಆಗುತ್ತದೆ, ಸಾಮಾನ್ಯವಾಗಿ ಟಿಕೆಟ್ ಮತ್ತು ಹೋಟೆಲ್ ಖರ್ಚು ಕೇಳಬಹುದು. ಹಾಗಾಗಿ "ವರ್ಷಕ್ಕೆ ನಾಲ್ಕು ಸಲ ಬಂದರೆ ಸಾಕು" ಅಂದಾಗ ಖುಷಿಪಡುವ ಮೊದಲು ಈ ಸಾಲು ನೋಡಿ. ನಾಲ್ಕು ಸಲ, ಸಲಕ್ಕೆ ಒಂದು ವಾರ ಅಂದರೆ ಬೆಂಗಳೂರಿನ ಹೋಟೆಲಿನಲ್ಲಿ ಇಪ್ಪತ್ತು ರಾತ್ರಿ ಹತ್ತಿರ ಆಯಿತು. ಅದನ್ನು ಯಾರು ಕೊಡುತ್ತಾರೆ ಅನ್ನುವುದು ಸಂಬಳದ ಪ್ರಶ್ನೆಯೇ ಅಲ್ವಾ?

ಆದರೆ ಆಫರ್ ಲೆಟರ್ ಬರುವುದು ಎಲ್ಲ ರೌಂಡ್ ಮುಗಿದ ಮೇಲೆ. ನಿಮಗೆ ಬೇಕಾದ್ದು ಅರ್ಜಿ ಹಾಕುವ ಮೊದಲಿನ ಸುಳಿವು. ಅದಕ್ಕೆ ನಾನು ಜಾಹೀರಾತಿಗಿಂತ ಅರ್ಜಿಯ ಫಾರ್ಮನ್ನೇ ಜಾಸ್ತಿ ನಂಬುತ್ತೇನೆ. ಜಾಹೀರಾತನ್ನು ಬರೆಯುವುದು ಜನ ಬರಲಿ ಅಂತ, ಫಾರ್ಮ್ ಮಾಡುವುದು ಬೇಡದವರನ್ನು ಸೋಸಲಿಕ್ಕೆ. ಸೋಸುವವರು ಸುಳ್ಳು ಹೇಳುವುದಿಲ್ಲ.

ಹೋದ ವರ್ಷ ನೋಡಿದ ಒಂದು ಜಾಹೀರಾತನ್ನೇ ತೆಗೆದುಕೊಳ್ಳಿ. ಅಮೆರಿಕದ ಒಂದು ಸಣ್ಣ ಕಂಪನಿ. ಮೇಲೆ ದೊಡ್ಡದಾಗಿ ರಿಮೋಟ್, ಒಳಗೆ "ಎಲ್ಲಿಂದ ಬೇಕಾದರೂ ಕೆಲಸ ಮಾಡಿ" ಅಂತ ಇತ್ತು. ಕೆಳಗೆ ಇಳಿದರೆ ಸೌಲಭ್ಯಗಳ ಪಟ್ಟಿಯಲ್ಲಿ 401(k) ಮತ್ತು ಹಲ್ಲಿನ ವಿಮೆ. 401(k) ಅಂದರೆ ಅಮೆರಿಕದವರ ನಿವೃತ್ತಿ ಉಳಿತಾಯ, ನಮ್ಮ ಪಿಎಫ್ ಇದ್ದ ಹಾಗೆ. ಅಲ್ಲಿನ ಸಂಬಳದ ಪಟ್ಟಿಯಲ್ಲಿ ಇಲ್ಲದವರಿಗೆ ಅದು ಸಿಗುವುದಿಲ್ಲ. ಇದು ಮೊದಲ ಅನುಮಾನ. ಆಮೇಲೆ "ಅಪ್ಲೈ" ಒತ್ತಿದೆ. ಫಾರ್ಮಿನ ಕೊನೆಯಲ್ಲಿ ಕೇಳಿದ್ದು: ಅಮೆರಿಕದಲ್ಲಿ ಕೆಲಸ ಮಾಡಲು ನಿಮಗೆ ಕಾನೂನಿನ ಪ್ರಕಾರ ಅನುಮತಿ ಇದೆಯಾ? ಮುಂದೆ ವೀಸಾ ಸಹಾಯ ಬೇಕಾಗುತ್ತದಾ? ಅಲ್ಲಿಗೆ ಸುಮಾರಾಗಿ ಗೊತ್ತಾಯಿತು.

ಖಚಿತ ಮಾಡಿಕೊಳ್ಳಲು ಇನ್ನೊಂದು ಕೆಲಸ ಮಾಡಿದೆ. ಕಂಪ್ಯೂಟರಿನಲ್ಲಿ ಆ ಪುಟ ತೆರೆದು `Ctrl+U` ಒತ್ತಿದರೆ ಪುಟದ ಒಳಗಿನ ಕೋಡ್ ಕಾಣುತ್ತದೆ. ಅಲ್ಲಿ `Ctrl+F` ಒತ್ತಿ `applicantLocation` ಅಂತ ಹುಡುಕಿ. ಗೂಗಲ್‌ನ ಕೆಲಸದ ಹುಡುಕಾಟದಲ್ಲಿ ತಮ್ಮ ಜಾಹೀರಾತು ಬರಬೇಕು ಅಂತ ಕಂಪನಿಗಳು ಪುಟದೊಳಗೆ ಒಂದು ಮಾಹಿತಿ ತುಂಡು ಇಟ್ಟಿರುತ್ತವೆ. ನನಗೆ ಸಿಕ್ಕಿದ್ದು ಹೀಗಿತ್ತು:

```json
"jobLocationType": "TELECOMMUTE",
"applicantLocationRequirements": {
  "@type": "Country",
  "name": "USA"
}
```

ಮೊದಲ ಸಾಲಿನ ಅರ್ಥ, ಇದು ಮನೆಯಿಂದ ಮಾಡುವ ಕೆಲಸ. ಆಮೇಲಿನದ್ದು, ಆ ಮನೆ ಎಲ್ಲಿರಬೇಕು ಅನ್ನುವುದು. "ಎಲ್ಲಿಂದ ಬೇಕಾದರೂ" ಅಂತ ಹೊರಗೆ ಬರೆದವರು ಒಳಗೆ ಅಮೆರಿಕ ಅಂತ ಬರೆದಿದ್ದರು. ಇಲ್ಲಿ `India` ಅಂತ ಇದ್ದರೆ ಧೈರ್ಯವಾಗಿ ಮುಂದುವರಿಯಿರಿ. ಈ ಭಾಗವೇ ಇಲ್ಲದೆ ಬರೀ `jobLocation` ಇದ್ದರೆ ಅದರಲ್ಲಿರುವ ದೇಶವನ್ನೇ ಹಿಡಿಯಬೇಕು, ಗೂಗಲ್ ಕೂಡ ಹಾಗೇ ಹಿಡಿಯುತ್ತದೆ. ಎಲ್ಲ ಪುಟದಲ್ಲೂ ಇದು ಸಿಗುವುದಿಲ್ಲ. ಕೆಲವರು ಹಳೇ ಜಾಹೀರಾತಿನದ್ದನ್ನು ಹಾಗೇ ಅಂಟಿಸಿರುತ್ತಾರೆ. ಆದ್ದರಿಂದ ಇದೊಂದನ್ನೇ ನಂಬಬೇಡಿ. ಆದರೆ ಸೌಲಭ್ಯದ ಪಟ್ಟಿ, ಫಾರ್ಮು, ಕೋಡು ಮೂರೂ ಒಂದೇ ಮಾತು ಹೇಳಿದರೆ ಅರ್ಜಿ ಹಾಕಿ ಕಾಯುವುದು ದಂಡ. ಇಷ್ಟೆಲ್ಲ ನೋಡಲು ಹತ್ತು ನಿಮಿಷ ಸಾಕು.

ವಿದೇಶದ ಕಂಪನಿಗಳು ಸುಮ್ಮನೆ ಹಟಕ್ಕೆ ಹೀಗೆ ಮಾಡುವುದಿಲ್ಲ. ಇಲ್ಲಿ ನೌಕರರನ್ನು ಇಟ್ಟುಕೊಂಡರೆ ಇಲ್ಲಿಯ ಪಿಎಫ್, ಟಿಡಿಎಸ್ ನಿಯಮ ಪಾಲಿಸಬೇಕು. ಅದಕ್ಕೆ ಸಾಮಾನ್ಯವಾಗಿ ಇಲ್ಲಿ ನೋಂದಣಿಯಾದ ಕಂಪನಿ ಬೇಕು. ಇಲ್ಲದಿದ್ದರೆ ಮಧ್ಯದಲ್ಲಿ ಇನ್ನೊಂದು ಸಂಸ್ಥೆಯ ಮೂಲಕ ಸಂಬಳ ಕೊಡಿಸುತ್ತಾರೆ, ಅದನ್ನು ಇಒಆರ್ ಅನ್ನುತ್ತಾರೆ. ಅದೂ ಇಲ್ಲದಿದ್ದರೆ ನೀವು ಕಾಂಟ್ರಾಕ್ಟರ್: ತಿಂಗಳಿಗೊಂದು ಇನ್‌ವಾಯ್ಸ್ ಕಳಿಸುವುದು, ಪಿಎಫ್ ಇಲ್ಲ, ರಜೆಗೆ ಸಂಬಳ ಇಲ್ಲ, ತೆರಿಗೆ ನಿಮ್ಮದೇ. ಹಾಗಾಗಿ ಮೊದಲ ಕಾಲ್‌ನಲ್ಲೇ ನಾನು ಕೇಳುವ ಪ್ರಶ್ನೆ: "ಇಂಡಿಯಾದಲ್ಲಿ ಇರುವವರಿಗೆ ಸಂಬಳ ಯಾವ ದಾರಿಯಲ್ಲಿ ಕೊಡುತ್ತೀರಿ?" ನಿಜವಾಗಿ ಇಲ್ಲಿಯವರನ್ನು ತೆಗೆದುಕೊಳ್ಳುವವರ ಬಾಯಲ್ಲಿ ಉತ್ತರ ರೆಡಿ ಇರುತ್ತದೆ. "ವಿಚಾರಿಸಿ ಹೇಳುತ್ತೇನೆ" ಅಂದರೆ ಇಲ್ಲಿಯವರೆಗೆ ಯಾರನ್ನೂ ತೆಗೆದುಕೊಂಡಿಲ್ಲ ಅಂತ ಲೆಕ್ಕ.

ಇನ್ನು ರಾತ್ರಿ ಎರಡರ ವಿಷಯ. "ಸಮಯ ನಿಮ್ಮ ಇಷ್ಟ, ಇಎಸ್‌ಟಿ ಜೊತೆ ನಾಲ್ಕು ಗಂಟೆ ಓವರ್‌ಲ್ಯಾಪ್ ಇದ್ದರೆ ಸಾಕು" ಅಂತ ಬರೆದಿರುತ್ತಾರೆ. ಇಎಸ್‌ಟಿ ಅಂದರೆ ನ್ಯೂಯಾರ್ಕಿನ ಚಳಿಗಾಲದ ಗಡಿಯಾರ, ನಮಗಿಂತ ಹತ್ತೂವರೆ ಗಂಟೆ ಹಿಂದೆ. ಅವರ ಬೆಳಗ್ಗೆ 9 ನಮಗೆ ಸಂಜೆ 7:30. ನಾಲ್ಕು ಗಂಟೆ ಅಂದರೆ ರಾತ್ರಿ 11:30. ಬೇಸಿಗೆಯಲ್ಲಿ ಅವರು ಗಡಿಯಾರ ಒಂದು ಗಂಟೆ ಮುಂದಿಡುತ್ತಾರೆ, ಆಗ ನಮಗೆ 6:30ರಿಂದ 10:30. ಮಾರ್ಚ್ ಎರಡನೇ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ ಹೀಗೆ. ಇದು ಆಗುವ ಮಾತು. ಆದರೆ ಟೀಮ್ ಕ್ಯಾಲಿಫೋರ್ನಿಯಾದಲ್ಲಿದ್ದರೆ ಅದೇ ನಾಲ್ಕು ಗಂಟೆ ಬೇಸಿಗೆಯಲ್ಲಿ ರಾತ್ರಿ 9:30ರಿಂದ 1:30, ಚಳಿಗಾಲದಲ್ಲಿ 10:30ರಿಂದ 2:30. ನಿಮಗೆ ಸಿಕ್ಕಿದ್ದು ಬಹುಶಃ ಇಂಥದ್ದೇ. ಆದ್ದರಿಂದ ಇಎಸ್‌ಟಿ, ಪಿಎಸ್‌ಟಿ ಅಂತ ಕೇಳಬೇಡಿ. ಟೀಮಿನವರು ಯಾವ ಊರಿನಲ್ಲಿದ್ದಾರೆ, ದಿನದ ಮೀಟಿಂಗ್ ಅವರ ಊರಿನಲ್ಲಿ ಎಷ್ಟು ಗಂಟೆಗೆ ಅಂತ ಕೇಳಿ. ಲೆಕ್ಕ ನೀವೇ ಹಾಕಿಕೊಳ್ಳಿ. ಜರ್ಮನಿ, ಫ್ರಾನ್ಸ್ ಕಡೆಯವರಾದರೆ ವ್ಯತ್ಯಾಸ ಬೇಸಿಗೆಯಲ್ಲಿ ಮೂರೂವರೆ ಗಂಟೆ, ಚಳಿಗಾಲದಲ್ಲಿ ನಾಲ್ಕೂವರೆ. ನಮ್ಮ ಹಗಲಿನಲ್ಲೇ ಬಹುಪಾಲು ಮುಗಿಯುತ್ತದೆ.

ನಮ್ಮ ಕಡೆಯವರು ಇದಕ್ಕೆ ಮಳೆಗಾಲವನ್ನೂ ಸೇರಿಸಿ ನೋಡಬೇಕು. ಆಷಾಢದಲ್ಲಿ ರಾತ್ರಿ ಹತ್ತಕ್ಕೆ ಮರ ಬಿದ್ದು ಲೈನ್ ಹೋದರೆ ಬೆಳಗಾಗುವವರೆಗೆ ಲೈನ್‌ಮ್ಯಾನ್ ಬರಲಾರರು. ಹಗಲಾದರೆ ಶಿವಮೊಗ್ಗಕ್ಕೋ ತೀರ್ಥಹಳ್ಳಿ ಪೇಟೆಗೋ ಹೋಗಿ ಕೂರಬಹುದು, ರಾತ್ರಿ ಎಲ್ಲಿಗೆ ಹೋಗುವುದು? ಅದಕ್ಕೆ ರಾತ್ರಿ ಪಾಳಿಯ ಕೆಲಸ ನಾನು ಒಪ್ಪುವುದಿಲ್ಲ, ಸಂಬಳ ಜಾಸ್ತಿ ಇದ್ದರೂ.

ಈಗಿನ ಕೆಲಸಕ್ಕೆ ಸೇರುವಾಗ ನಾನು ಮೊದಲ ಇಂಟರ್‌ವ್ಯೂನಲ್ಲೇ, ಎಚ್‌ಆರ್ ಬಿಟ್ಟು ಟೀಮಿನ ಹುಡುಗನೊಬ್ಬನಿಗೆ ಕೇಳಿದೆ: "ನಿಮ್ಮ ಟೀಮಿನಲ್ಲಿ ಬೆಂಗಳೂರಿನ ಹೊರಗೆ ಎಷ್ಟು ಜನ ಇದ್ದೀರಿ? ಹೋದ ವರ್ಷ ಎಷ್ಟು ಸಲ ಆಫೀಸಿಗೆ ಕರೆದರು?" ಹನ್ನೊಂದರಲ್ಲಿ ನಾಲ್ಕು ಜನ, ಒಬ್ಬ ದಾವಣಗೆರೆಯವ, ಎರಡು ಸಲ ಕರೆದಿದ್ದರು ಅಂದ. "ಮುಂದೆ ಹೇಗೆ" ಅಂತ ಕೇಳಿದರೆ ಯಾರೂ ನಿಜ ಹೇಳಲಾರರು, ಅವರಿಗೇ ಗೊತ್ತಿರುವುದಿಲ್ಲ. ಹೋದ ವರ್ಷದ್ದು ಕೇಳಿದರೆ ನಡೆದದ್ದನ್ನು ಹೇಳುತ್ತಾರೆ.

ಆಫರ್ ಮಾತು ಬಂದಾಗ ಒಂದು ಮೇಲ್ ಬರೆದೆ. ಲೆಟರಿನಲ್ಲಿ ಬೇಸ್ ಲೊಕೇಶನ್ ಜಾಗದಲ್ಲಿ ನನ್ನ ತೀರ್ಥಹಳ್ಳಿ ವಿಳಾಸ ಹಾಕಬೇಕು. ಆಫೀಸಿಗೆ ಕರೆದರೆ ಟಿಕೆಟ್, ರೂಮು ಕಂಪನಿಯದ್ದು. ಈ ವ್ಯವಸ್ಥೆ ಬದಲಾಗುವುದಾದರೆ ಮೂರು ತಿಂಗಳು ಮೊದಲೇ ತಿಳಿಸಬೇಕು. ಮೂರನ್ನೂ ಬರೆದುಕೊಟ್ಟರು. "ಕಂಪನಿ ಸ್ಥಳ ಬದಲಾಯಿಸಬಹುದು" ಅನ್ನುವ ಸಾಲನ್ನು ಮಾತ್ರ ತೆಗೆಯಲಿಲ್ಲ, ಯಾರೂ ತೆಗೆಯುವುದಿಲ್ಲ. ನಾಳೆ ಅವರು ಮನಸ್ಸು ಬದಲಾಯಿಸಿದರೆ ನನ್ನ ಕೈಯಲ್ಲಿರುವುದು ಆ ಮೂರು ತಿಂಗಳು ಅಷ್ಟೇ. ಮೊದಲ ಸಲ ಅದೂ ಇರಲಿಲ್ಲ.

ಅದೇ ವಾರ ಇನ್ನೊಂದು ಕಂಪನಿಗೂ ಇದೇ ಮೇಲನ್ನು ಎರಡನೇ ರೌಂಡಿಗೆ ಮೊದಲೇ ಕಳಿಸಿದ್ದೆ. ಅವರು ಉತ್ತರವನ್ನೇ ಕೊಡಲಿಲ್ಲ. ಉಳಿದ ಎರಡು ರೌಂಡು ಉಳಿಯಿತು, ನಾನು ಅಡಿಕೆ ಸುಲಿಯಲು ಕೂತೆ.