ಜೈಲಲ್ಲಿ ಒಬ್ಬನನ್ನೇ ಸೆಲ್‌ನಲ್ಲಿ ಇಟ್ಟು ‘ಭದ್ರತೆಗೆ’ ಅಂದರೆ ಅದು ಒಂಟಿ ಸೆರೆ ಅಲ್ವಾ?

ಪ್ರಶ್ನೆ: ನಮ್ಮಣ್ಣ ವಿಚಾರಣಾಧೀನ ಕೈದಿ. ಜಗಳ ಆಯ್ತು ಅಂತ ಬ್ಯಾರಕ್‌ನಿಂದ ತೆಗೆದು ಒಬ್ಬನನ್ನೇ ಸೆಲ್‌ನಲ್ಲಿ ಇಟ್ಟು ಮೂರು ವಾರ ಆಯ್ತು. ಕೇಳಿದ್ರೆ ‘ಇದು ಶಿಕ್ಷೆ ಅಲ್ಲ, ಅವನ ಭದ್ರತೆಗೇ’ ಅಂತಾರೆ. ಭೇಟಿಗೆ ಹೋದ್ರೆ ಸರಿಯಾಗಿ ಮಾತೇ ಆಡಲ್ಲ. ಇದು ಒಂಟಿ ಸೆರೆನಾ? ಹೀಗೆ ಎಷ್ಟು ದಿನ ಇಡಬಹುದು?

ಉತ್ತರ:

ಮೊದಲು ಒಂದು ಮಾತು. ಅಣ್ಣ ನಿಮ್ಮ ಮೇಲೆ ಮುನಿಸಿಕೊಂಡಿದ್ದಾರೆ ಅಂದುಕೊಳ್ಳಬೇಡಿ. ನಾನು ವಕೀಲ. ಕಾನೂನು ನೆರವಿನ ಕೆಲಸಕ್ಕೆ ಜೈಲುಗಳಿಗೆ ಹೋಗಿ ಬರುತ್ತೇನೆ. ಒಂಟಿಯಾಗಿ ಇಟ್ಟವರು ಭೇಟಿಯಲ್ಲಿ ಮಾತು ಕಡಿಮೆ ಮಾಡುವುದನ್ನು ಎಷ್ಟೋ ಸಲ ನೋಡಿದ್ದೇನೆ. ಒಂದು ತಿಂಗಳ ಮೇಲೆ ಹಾಗೆ ಇದ್ದ ನನ್ನ ಒಬ್ಬ ಕಕ್ಷಿದಾರ ಮೊದಲ ಭೇಟಿಯಲ್ಲಿ ಕೇಳಿದ್ದು ಜಾಮೀನಿನ ವಿಷಯ ಅಲ್ಲ. ‘ಸ್ವಲ್ಪ ನಿಧಾನ ಮಾತಾಡಿ ಸಾರ್, ಒಂದೇ ಸಲಕ್ಕೆ ತುಂಬ ಆಗ್ತಿದೆ’ ಅಂದ. ನಾನು ಮಾಮೂಲಿ ದನಿಯಲ್ಲೇ ಮಾತಾಡುತ್ತಿದ್ದೆ.

ಹಾಗೆ ಯಾಕೆ ಆಗುತ್ತೆ ಅನ್ನುವುದರಿಂದ ಶುರು ಮಾಡುತ್ತೇನೆ. ಅದು ಗೊತ್ತಾದರೆ ಕಾನೂನು ಇಟ್ಟಿರುವ ಮಿತಿಗಳು ಎಲ್ಲಿಂದ ಬಂದವು ಅನ್ನುವುದೂ ತಿಳಿಯುತ್ತೆ.

ನಮ್ಮ ಮಿದುಳು ದಿನವಿಡೀ ಸುತ್ತಲಿನ ಸದ್ದು, ಮುಖ, ಮಾತುಗಳನ್ನು ಹಿಡಿದುಕೊಂಡು ತನ್ನನ್ನು ಸರಿ ಮಾಡಿಕೊಳ್ಳುತ್ತಾ ಇರುತ್ತೆ. ನನಗೆ ಅನಿಸಿದ್ದು ನಿಜಾನಾ, ಜಾಸ್ತಿ ಯೋಚಿಸುತ್ತಿದ್ದೀನಾ ಅನ್ನುವುದನ್ನು ಎದುರಿಗಿರುವವರ ಮುಖ ನೋಡಿಯೇ ಅರಿಯುತ್ತೇವೆ. ನಾಲ್ಕು ಗೋಡೆ ಬಿಟ್ಟು ಬೇರೇನೂ ಇಲ್ಲದಾಗ ಆ ದಾರಿ ಮುಚ್ಚಿಹೋಗುತ್ತೆ. ಸ್ಟುವರ್ಟ್ ಗ್ರಾಸಿಯನ್ ಎಂಬ ಅಮೆರಿಕದ ಮನೋವೈದ್ಯರು ಮ್ಯಾಸಚೂಸೆಟ್ಸ್ ರಾಜ್ಯದ ಒಂದು ಜೈಲಿನಲ್ಲಿ ಹೀಗೆ ಒಂಟಿಯಾಗಿದ್ದ 14 ಕೈದಿಗಳನ್ನು ಮಾತಾಡಿಸಿ 1983ರಲ್ಲಿ ಒಂದು ಲೇಖನ ಬರೆದರು. ಬೇರೆ ಬೇರೆ ಮನುಷ್ಯರು ಹೇಳಿದ್ದು ಒಂದೇ ಥರ ಇತ್ತು. ಸಣ್ಣ ಸದ್ದೂ ಸಹಿಸಲು ಆಗಲ್ಲ. ಗೋಡೆ ಅಲುಗಿದ ಹಾಗೆ ಕಾಣುತ್ತೆ, ಯಾರೋ ಪಿಸುಗುಟ್ಟಿದ ಹಾಗೆ ಕೇಳುತ್ತೆ. ಒಂದು ಪುಟ ಓದಿ ಮುಗಿಸುವಷ್ಟು ಗಮನ ನಿಲ್ಲಲ್ಲ. ಬೇಡದ ಒಂದೇ ಯೋಚನೆ ತಿರುಗಿ ತಿರುಗಿ ಬರುತ್ತೆ. ಕಾವಲಿನವರು ಬೇಕಂತಲೇ ಏನೋ ಮಾಡುತ್ತಿದ್ದಾರೆ ಅನ್ನುವ ಅನುಮಾನ ಬೆಳೆಯುತ್ತೆ.

14 ಜನ ಅಂದರೆ ಕಡಿಮೆ, ನಿಜ. ದೊಡ್ಡ ಲೆಕ್ಕವೂ ಇದೆ. ನ್ಯೂಯಾರ್ಕ್ ನಗರದ ಜೈಲುಗಳ ದಾಖಲೆ ಇಟ್ಟುಕೊಂಡು ಮಾಡಿದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಒಂಟಿ ಸೆಲ್ ಕಂಡವರು ತಮಗೆ ತಾವೇ ಗಾಯ ಮಾಡಿಕೊಳ್ಳುವ ಸಾಧ್ಯತೆ ಉಳಿದವರಿಗಿಂತ ಸುಮಾರು 7 ಪಟ್ಟು ಹೆಚ್ಚಿತ್ತು. ಎಲ್ಲ ಅಧ್ಯಯನಗಳೂ ಹೀಗೇ ಹೇಳುತ್ತವೆ ಅಂತಲ್ಲ. ಅಮೆರಿಕದ ಕೊಲೊರಾಡೊದಲ್ಲಿ 2010ರಲ್ಲಿ ಮುಗಿದ ಒಂದು ಅಧ್ಯಯನದಲ್ಲಿ ವರ್ಷ ಕಳೆದರೂ ಹೆಚ್ಚಿನವರ ಸ್ಥಿತಿ ಅಷ್ಟಾಗಿ ಕೆಟ್ಟಿರಲಿಲ್ಲ. ಆದರೆ ಅದು ಬಹುಪಾಲು ಕೈದಿಗಳೇ ತುಂಬಿದ ಪ್ರಶ್ನಾವಳಿಯ ಮೇಲೆ ನಿಂತಿತ್ತು ಅಂತ ಬಹಳ ಟೀಕೆ ಬಂತು. ಆ ಟೀಕೆ ಸರಿ ಅನ್ನುವುದು ನನ್ನ ಅನುಭವ. ಒಂಟಿಯಾಗಿ ಇರುವವರು ‘ಹೇಗಿದ್ದೀರಿ’ ಅಂದರೆ ‘ಚೆನ್ನಾಗಿದ್ದೀನಿ’ ಅಂತಲೇ ಹೇಳುತ್ತಾರೆ. ತಲೆ ಸರಿ ಇಲ್ಲ ಅಂತ ಬರೆದುಕೊಂಡರೆ ಇನ್ನೂ ದೂರ ಇಡುತ್ತಾರೆ ಅನ್ನುವ ಭಯ ಅವರಿಗೆ.

ಈಗ ನಿಮ್ಮ ಪ್ರಶ್ನೆ. ಇದು ಒಂಟಿ ಸೆರೆನಾ?

ಜೈಲಿನವರು ಏನು ಹೆಸರಿಟ್ಟಿದ್ದಾರೆ ಅನ್ನುವುದನ್ನು ಬದಿಗಿಡಿ, ಗಂಟೆ ಎಣಿಸಿ. ವಿಶ್ವಸಂಸ್ಥೆ 2015ರಲ್ಲಿ ಒಪ್ಪಿದ ಕೈದಿಗಳ ಕನಿಷ್ಠ ನಿಯಮಗಳಿಗೆ ‘ನೆಲ್ಸನ್ ಮಂಡೇಲಾ ನಿಯಮಗಳು’ ಅಂತ ಹೆಸರು. ಅದರ 44ನೇ ನಿಯಮದ ಪ್ರಕಾರ ದಿನಕ್ಕೆ 22 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ಹೊತ್ತು ಅರ್ಥವಿರುವ ಮನುಷ್ಯ ಸಂಪರ್ಕ ಇಲ್ಲದೆ ಇಟ್ಟರೆ ಅದು ಒಂಟಿ ಸೆರೆ. ‘ಅರ್ಥವಿರುವ’ ಅನ್ನುವ ಮಾತು ಮುಖ್ಯ. ಬಾಗಿಲ ಸಂದಿಯಲ್ಲಿ ತಟ್ಟೆ ತಳ್ಳಿ ಹೋಗುವುದು, ರಾತ್ರಿ ಟಾರ್ಚ್ ಬಿಟ್ಟು ನೋಡುವುದು ಸಂಪರ್ಕ ಅನ್ನಿಸಿಕೊಳ್ಳಲ್ಲ. ಇದು ಸತತ 15 ದಿನ ದಾಟಿದರೆ ‘ದೀರ್ಘ ಒಂಟಿ ಸೆರೆ’. ಅದಕ್ಕೆ ಪೂರ್ತಿ ನಿಷೇಧ. 15 ದಿನ ಅನ್ನುವ ಗೆರೆಯನ್ನು 2011ರಲ್ಲಿ ಮುಂದಿಟ್ಟವರು ಚಿತ್ರಹಿಂಸೆ ಕುರಿತ ವಿಶ್ವಸಂಸ್ಥೆಯ ವಿಶೇಷ ವರದಿಗಾರ ಹುವಾನ್ ಮೆಂಡೆಸ್. ಅಷ್ಟು ದಿನ ಕಳೆದ ಮೇಲೆ ಕೆಲವು ಹಾನಿಗಳು ವಾಪಸ್ ಸರಿಹೋಗದೇ ಇರಬಹುದು ಅನ್ನುವುದು ಅವರ ಕಾರಣ. ನಿಮ್ಮಣ್ಣನದು 21 ದಿನ ಆಗಿದೆ.

ಮಂಡೇಲಾ ನಿಯಮಗಳನ್ನೇ ಹಿಡಿದು ಇಲ್ಲಿನ ಕೋರ್ಟಿನಲ್ಲಿ ಗೆಲ್ಲುವುದು ಕಷ್ಟ, ಅವು ನೇರವಾಗಿ ಕಟ್ಟಿಹಾಕುವ ಕಾನೂನಲ್ಲ. ಆದರೆ ನಮ್ಮ ದೇಶದ ಕಾನೂನೇ ಸಾಕಷ್ಟು ಬಿಗಿಯಾಗಿದೆ. ಭಾರತದಲ್ಲಿ ಒಂಟಿ ಸೆರೆ ಅನ್ನುವುದು ಬೇರೆಯೇ ಒಂದು ಶಿಕ್ಷೆ. ಅಪರಾಧ ಸಾಬೀತಾಗಿ ಕಠಿಣ ಸಜೆ ಆದವರಿಗೆ ಕೋರ್ಟ್ ಮಾತ್ರ ಅದನ್ನು ವಿಧಿಸಬಹುದು. ಮೊದಲು ಐಪಿಸಿಯ 73 ಮತ್ತು 74ನೇ ಕಲಂನಲ್ಲಿ ಇತ್ತು, ಈಗ ಭಾರತೀಯ ನ್ಯಾಯ ಸಂಹಿತೆಯ 11 ಮತ್ತು 12ರಲ್ಲಿದೆ. ಒಟ್ಟು ಸಜೆ ಎಷ್ಟೇ ದೊಡ್ಡದಿರಲಿ, ಒಂಟಿ ಸೆರೆ 3 ತಿಂಗಳು ದಾಟುವ ಹಾಗಿಲ್ಲ. ಒಂದು ಸಲಕ್ಕೆ 14 ದಿನಕ್ಕಿಂತ ಜಾಸ್ತಿ ಇಲ್ಲ, ಮಧ್ಯೆ ಅಷ್ಟೇ ದಿನ ಬಿಡುವು ಕೊಡಬೇಕು. ಕೊಲೆ ಮಾಡಿ ಶಿಕ್ಷೆ ಆದವನಿಗೇ ಇಷ್ಟು ಮಿತಿ. ನಿಮ್ಮಣ್ಣನ ಮೇಲಿನ ಆರೋಪ ಇನ್ನೂ ಸಾಬೀತೇ ಆಗಿಲ್ಲ.

ಇದಕ್ಕೆ ಜೈಲಿನವರ ಉತ್ತರ ಎಲ್ಲ ಕಡೆ ಒಂದೇ. ‘ಇದು ಆ ಒಂಟಿ ಸೆರೆ ಅಲ್ಲ, ಸುಮ್ನೆ ಬೇರೆ ಇಟ್ಟಿದ್ದೀವಿ.’ ಈ ವಾದ ಹಳೆಯದು. ಸುಪ್ರೀಂ ಕೋರ್ಟ್ ಇದಕ್ಕೆ 1978ರಲ್ಲೇ ಉತ್ತರ ಕೊಟ್ಟಿದೆ.

ಸುನಿಲ್ ಬಾತ್ರಾ ದೆಹಲಿಯ ತಿಹಾರ್ ಜೈಲಿನಲ್ಲಿದ್ದ ಕೈದಿ. ಸೆಷನ್ಸ್ ಕೋರ್ಟ್ ಗಲ್ಲು ಶಿಕ್ಷೆ ಕೊಟ್ಟಿತ್ತು, ಹೈಕೋರ್ಟ್ ಇನ್ನೂ ಅದನ್ನು ಖಾಯಂ ಮಾಡಿರಲಿಲ್ಲ. ಅಷ್ಟರಲ್ಲೇ ಅವನನ್ನು ಒಂಟಿಯಾಗಿ ಇಟ್ಟರು. 1894ರ ಕಾರಾಗೃಹ ಕಾಯ್ದೆಯ 30ನೇ ಕಲಂ ಗಲ್ಲು ಶಿಕ್ಷೆಯವರನ್ನು ಬೇರೆ ಸೆಲ್‌ನಲ್ಲಿಡಿ ಅನ್ನುತ್ತೆ, ಅದನ್ನೇ ಮಾಡಿದ್ದೇವೆ ಅಂದರು. ನ್ಯಾಯಮೂರ್ತಿಗಳು ಸ್ವತಃ ತಿಹಾರ್‌ಗೆ ಹೋಗಿ ಆ ಸೆಲ್ ನೋಡಿ ಬಂದರು. ಐವರು ನ್ಯಾಯಮೂರ್ತಿಗಳ ಪೀಠ ಎರಡು ಮಾತು ಹೇಳಿತು. ಆ ಕಲಂ ಬೇರೆ ಸೆಲ್ ಕೊಡಬಹುದು ಅನ್ನುತ್ತದೆಯೇ ಹೊರತು ಒಂಟಿ ಸೆರೆ ವಿಧಿಸುವ ಅಧಿಕಾರವನ್ನು ಜೈಲಿಗೆ ಕೊಡುವುದಿಲ್ಲ. ಇನ್ನೊಂದು, ಮೇಲ್ಮನವಿ, ಕ್ಷಮಾದಾನದ ಅರ್ಜಿ ಎಲ್ಲ ಮುಗಿದು ಶಿಕ್ಷೆ ಇನ್ನು ಬದಲಾಗುವ ದಾರಿಯೇ ಇಲ್ಲ ಅನ್ನುವ ತನಕ ಆ ಕಲಂ ಅನ್ವಯವೇ ಆಗಲ್ಲ.

ತೀರ್ಪು ಬಂದ ಮಾತ್ರಕ್ಕೆ ಜೈಲುಗಳು ಬದಲಾಗಲಿಲ್ಲ. ಇದನ್ನು ಹೇಳುವಾಗ ನನಗೆ ಈಗಲೂ ಬೇಜಾರಾಗುತ್ತೆ. ಬಿ.ಎ. ಉಮೇಶ್ ಎಂಬ ಅಪರಾಧಿಗೆ 2006ರಲ್ಲಿ ಗಲ್ಲು ಶಿಕ್ಷೆ ಆಯಿತು. ಅವನ ಅಪರಾಧ ಘೋರವಾದದ್ದು, ಅತ್ಯಾಚಾರ ಮತ್ತು ಕೊಲೆ. ಅದರ ಬಗ್ಗೆ ನನಗೆ ಯಾವ ಕರುಣೆಯೂ ಇಲ್ಲ. ಆದರೆ ಶಿಕ್ಷೆ ಇನ್ನೂ ಅಂತಿಮ ಆಗುವ ಮೊದಲೇ ಅವನನ್ನು ಬೆಳಗಾವಿಯ ಜೈಲಿನಲ್ಲಿ ಒಂಟಿಯಾಗಿ ಇಟ್ಟರು. ಅದು ಸುಮಾರು 10 ವರ್ಷ ನಡೆಯಿತು. ಬಾತ್ರಾ ತೀರ್ಪು ಬಂದು ಆಗಲೇ 28 ವರ್ಷ ಆಗಿತ್ತು! 2022ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ಒಂಟಿ ಸೆರೆ ಕಾನೂನುಬಾಹಿರ, ಅವನ ಮನಸ್ಸಿನ ಆರೋಗ್ಯಕ್ಕೆ ಪೆಟ್ಟು ಬಿದ್ದಿದೆ ಅಂತ ಹೇಳಿ ಗಲ್ಲನ್ನು ಜೀವಾವಧಿಗೆ ಇಳಿಸಿತು, ಕನಿಷ್ಠ 30 ವರ್ಷ ಒಳಗಿರಬೇಕು ಅಂದಿತು. ಜೈಲಿನ ತಪ್ಪು ಗಲ್ಲು ಶಿಕ್ಷೆಯನ್ನೇ ಬದಲಿಸುವಷ್ಟು ದೊಡ್ಡದಾಗಿತ್ತು.

ಹಾಗಾದರೆ ಜಗಳ ಆದಾಗ ಜೈಲಿನವರು ಏನೂ ಮಾಡುವ ಹಾಗಿಲ್ವಾ? ಮಾಡಬಹುದು. ಬೇರೆ ಬ್ಯಾರಕ್‌ಗೆ ಹಾಕಬಹುದು, ಹೊಡೆದಾಡಿದವರನ್ನು ದೂರ ಇಡಬಹುದು. ನಿಜವಾಗಿ ಜೀವಬೆದರಿಕೆ ಇದ್ದರೆ ಅದು ಅವರ ಕರ್ತವ್ಯವೂ ಹೌದು. ಆದರೆ ಬೇರೆಯವರಿಂದ ಕಾಪಾಡುವುದು ಒಂದು, ಎಲ್ಲರಿಂದ ಮುಚ್ಚಿಡುವುದು ಇನ್ನೊಂದು. ಕಾಪಾಡುವುದೇ ಉದ್ದೇಶವಾದರೆ ಬಿಸಿಲಿಗೆ ಬಿಡಲು, ಪುಸ್ತಕ ಕೊಡಲು, ಅಪಾಯ ಇಲ್ಲದ ಇನ್ನೊಬ್ಬರ ಜೊತೆ ಇಡಲು ಏನು ಅಡ್ಡಿ? ಸೂಪರಿಂಟೆಂಡೆಂಟ್ ಬಳಿ ಇದನ್ನೇ ಕೇಳಿ.

ಬಾತ್ರಾ ಇನ್ನೊಬ್ಬ ಕೈದಿಗೆ ಆದ ಹಿಂಸೆ ಬಗ್ಗೆ ಜೈಲಿನಿಂದಲೇ ಸುಪ್ರೀಂ ಕೋರ್ಟಿಗೆ ಒಂದು ಪತ್ರ ಬರೆದಿದ್ದ. ಕೋರ್ಟ್ ಆ ಪತ್ರವನ್ನೇ ಅರ್ಜಿ ಅಂತ ತೆಗೆದುಕೊಂಡು 1979ರ ಡಿಸೆಂಬರಿನಲ್ಲಿ ತೀರ್ಪು ಕೊಟ್ಟಿತು. ಅದರಲ್ಲಿರುವ ಒಂದು ಸಾಲು ನಿಮಗೆ ಬಹಳ ಕೆಲಸಕ್ಕೆ ಬರುತ್ತೆ: ಸೆಷನ್ಸ್ ನ್ಯಾಯಾಧೀಶರ ಗಮನಕ್ಕೆ ತರದೆ ಒಂಟಿ ಸೆಲ್ ಅಥವಾ ಶಿಕ್ಷೆಯ ಸೆಲ್‌ಗೆ ಹಾಕುವ ಹಾಗಿಲ್ಲ, ತುರ್ತು ಇದ್ದರೆ ಹಾಕಿದ ಎರಡು ದಿನದೊಳಗೆ ತಿಳಿಸಬೇಕು.

ಆದ್ದರಿಂದ ನಾಳೆಯೇ ಸೂಪರಿಂಟೆಂಡೆಂಟ್ ಹೆಸರಿಗೆ ಒಂದು ಪತ್ರ ಬರೆದು ಸ್ವೀಕೃತಿ ತೆಗೆದುಕೊಳ್ಳಿ. ಅಣ್ಣನನ್ನು ಬೇರೆ ಇಟ್ಟ ಆದೇಶದ ಪ್ರತಿ ಕೇಳಿ. ಸೆಷನ್ಸ್ ನ್ಯಾಯಾಧೀಶರಿಗೆ ಯಾವ ತಾರೀಖಿನಂದು ತಿಳಿಸಿದ್ದೀರಿ ಅಂತ ಕೇಳಿ. ವೈದ್ಯರು ದಿನಾ ನೋಡಿದ ದಾಖಲೆಯನ್ನೂ ಕೇಳಿ. 1894ರ ಕಾಯ್ದೆಯ 29ನೇ ಕಲಂ ಪ್ರಕಾರ 24 ಗಂಟೆಗಿಂತ ಹೆಚ್ಚು ಹೊತ್ತು ಒಂಟಿ ಸೆಲ್‌ನಲ್ಲಿ ಇದ್ದವರನ್ನು, ಅದು ಶಿಕ್ಷೆಯಾಗಿರಲಿ ಬೇರೆ ಕಾರಣಕ್ಕಿರಲಿ, ವೈದ್ಯಾಧಿಕಾರಿ ಅಥವಾ ಅವರ ಕೈಕೆಳಗಿನ ವೈದ್ಯಕೀಯ ಸಿಬ್ಬಂದಿ ದಿನಕ್ಕೊಮ್ಮೆಯಾದರೂ ನೋಡಬೇಕು. ಕೆಲವು ರಾಜ್ಯಗಳಿಗೆ ತಮ್ಮದೇ ಕಾಯ್ದೆ ಇದೆ, ಕಲಂ ಸಂಖ್ಯೆ ಬೇರೆ ಇರಬಹುದು, ವಕೀಲರು ನೋಡಿ ಹಾಕುತ್ತಾರೆ. ವಕೀಲರು ಇಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಕೈದಿಗಳಿಗೆ ಅಲ್ಲಿ ಫೀಸು ಇಲ್ಲ. ಅದೇ ದಿನ ಕೇಸು ನಡೆಯುತ್ತಿರುವ ಕೋರ್ಟಿಗೂ ಒಂದು ಅರ್ಜಿ ಹೋಗಲಿ. ನಿಮ್ಮಣ್ಣ ಇರುವುದು ಆ ಕೋರ್ಟಿನ ಆದೇಶದ ಮೇಲೆ, ಮನೋವೈದ್ಯರಿಂದ ತಪಾಸಣೆ ಮಾಡಿಸಿ ಅಂತ ಅದು ಹೇಳಬಹುದು.

ಮುಂದಿನ ಭೇಟಿಯಲ್ಲಿ ಕೇಸಿನ ಮಾತು ಕಡಿಮೆ ಮಾಡಿ. ನಿಧಾನ ಮಾತಾಡಿ, ಸುಮ್ಮನಿದ್ದರೆ ನೀವೂ ಸ್ವಲ್ಪ ಸುಮ್ಮನಿರಿ. ನಿದ್ದೆ ಬರುತ್ತಾ, ಇವತ್ತು ಯಾವ ವಾರ, ಕೊನೆಗೆ ಯಾರ ಜೊತೆ ಮಾತಾಡಿದೆ ಅಂತ ಕೇಳಿ. ಹೊರಗೆ ಬಂದ ತಕ್ಷಣ ಉತ್ತರಗಳನ್ನು ತಾರೀಖು ಹಾಕಿ ಬರೆದಿಡಿ, ಅರ್ಜಿಗೆ ಬೇಕಾಗುತ್ತೆ. ಸಾಯುವ ಮಾತು ಬಂದರೆ, ಮೈಮೇಲೆ ಗಾಯ ಕಂಡರೆ, ಅಥವಾ ಇಷ್ಟು ದಿನ ಒದ್ದಾಡುತ್ತಿದ್ದವರು ಒಮ್ಮೆಲೇ ತಣ್ಣಗಾಗಿ ಭೇಟಿಯೇ ಬೇಡ ಅಂದರೆ ಆ ಪತ್ರದ ಉತ್ತರಕ್ಕೆ ಕಾಯಬೇಡಿ. ಅವತ್ತೇ ಜೈಲು ವೈದ್ಯರಿಗೆ ಬರವಣಿಗೆಯಲ್ಲಿ ತಿಳಿಸಿ, ಅದರ ಪ್ರತಿಯನ್ನು ವಕೀಲರ ಕೈಲಿ ಕೋರ್ಟಿಗೆ ಕೊಡಿಸಿ.

ಆದೇಶದ ಪ್ರತಿ ಸಿಕ್ಕರೆ ಹೆಸರು, ಊರು ಮುಚ್ಚಿ ಇಲ್ಲೇ ಕೆಳಗೆ ಹಾಕಿ, ನೋಡಿ ಹೇಳುತ್ತೇನೆ. ಆದೇಶವೇ ಇಲ್ಲ ಅಂದರೆ ಆ ಮಾತನ್ನೂ ಬರವಣಿಗೆಯಲ್ಲಿ ತೆಗೆದುಕೊಳ್ಳಿ.