ವಿಡಿಯೊ ಸ್ಕ್ರಿಪ್ಟು ಲೇಖನವಾಗಬೇಕಾದರೆ

*ಮಾನ್ಯ ಸಂಪಾದಕರೇ, ಜೀವಾಮೃತ ಮಾಡುವ ಬಗ್ಗೆ ಯೂಟ್ಯೂಬಿಗೆ ಬರೆದ ಸ್ಕ್ರಿಪ್ಟನ್ನೇ ಲೇಖನವಾಗಿ ಕಳಿಸಿದ್ದೆ. ‘ಓದಿಸಿಕೊಳ್ಳುವುದಿಲ್ಲ’ ಎಂದು ವಾಪಸ್ ಬಂತು. ‘ನಮಸ್ಕಾರ’, ‘ಸಬ್‌ಸ್ಕ್ರೈಬ್ ಮಾಡಿ’ ಎಲ್ಲ ತೆಗೆದಿದ್ದೇನೆ. ಇನ್ನೇನು ಮಾಡಬೇಕು? ಸ್ಕ್ರಿಪ್ಟು ಲಗತ್ತಿಸಿದ್ದೇನೆ.*
*– ಓದುಗರು, ತಿಪಟೂರು*

ತೆಗೆಯುವ ಕೆಲಸ ಮುಗಿದಿದೆ, ಸೇರಿಸುವುದು ಬಾಕಿ ಇದೆ. ನಿಮ್ಮ ಸ್ಕ್ರಿಪ್ಟಿನ ಈ ಭಾಗ ನೋಡಿ:

“ಈ ಡ್ರಮ್ಮಿಗೆ ನೀರು ತುಂಬ್ಸಿದೀನಿ. ಈಗ ಸಗಣಿ ಹಾಕೋಣ, ಇಷ್ಟು. ಆಮೇಲೆ ಗಂಜಲ, ಬೆಲ್ಲ, ಹಿಟ್ಟು. ಹೀಗೆ ತಿರುಗಿಸ್ತಾ ಇರಬೇಕು.”

‘ಈ’, ‘ಇಷ್ಟು’, ‘ಹೀಗೆ’ ಎಂದಾಗಲೆಲ್ಲ ಉತ್ತರ ಕೊಡುತ್ತಿದ್ದುದು ಕ್ಯಾಮೆರಾ. ಇಂಥ ಪದಗಳಿಗೆಲ್ಲ ಕೆಂಪು ಗೆರೆ ಎಳೆಯಿರಿ, ವಿಡಿಯೊ ನೋಡಿ ಪ್ರತಿಯೊಂದರ ಜಾಗಕ್ಕೂ ಅಳತೆ ಅಥವಾ ವಿವರ ತುಂಬಿ. ಆಮೇಲೆ ಧ್ವನಿ ನಿಲ್ಲಿಸಿ ಇನ್ನೊಮ್ಮೆ ನೋಡಿ. ಬಾಯಲ್ಲಿ ಬರದೆ ಕಣ್ಣಿಗೆ ಮಾತ್ರ ಕಂಡದ್ದು ಆಗ ಸಿಗುತ್ತದೆ. ಡ್ರಮ್ಮಿಗೆ ಗೋಣಿಚೀಲ ಹೊದಿಸಿದ್ದು, ಅದನ್ನು ನೆರಳಲ್ಲಿಟ್ಟದ್ದು ಸ್ಕ್ರಿಪ್ಟಿನಲ್ಲಿ ಎಲ್ಲೂ ಇರಲಾರದು. ಲೇಖನ ಮಾತ್ರ ಓದಿದವರು ಮುಚ್ಚಳ ಬಿಗಿದುಬಿಟ್ಟರೆ, ಹುಳಿಯುವಾಗ ಹುಟ್ಟುವ ಅನಿಲಕ್ಕೆ ದಾರಿಯಿಲ್ಲ. ಹೀಗೆ ಕಣ್ಣಿಗೆ ಮಾತ್ರ ಕಂಡದ್ದನ್ನು ಬರಹಕ್ಕೆ ತರುವುದೇ ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಮುಖ್ಯವಾದದ್ದು.

ಮೇಲಿನ ಭಾಗ ಹೀಗಾಗಬಹುದು:

“200 ಲೀಟರ್ ನೀರಿಗೆ 10 ಕೆ.ಜಿ. ಹಸಿ ಸಗಣಿ, 10 ಲೀಟರ್ ಗಂಜಲ, 2 ಕೆ.ಜಿ. ಬೆಲ್ಲ, 2 ಕೆ.ಜಿ. ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಬದುವಿನ ಮಣ್ಣು ಹಾಕಿ. ಡ್ರಮ್ಮನ್ನು ನೆರಳಲ್ಲಿಟ್ಟು ಗೋಣಿಚೀಲ ಹೊದಿಸಿ, ದಿನಕ್ಕೆರಡು ಸಲ ಕೋಲಿನಿಂದ ಕಲಕಿ. 48 ಗಂಟೆಗೆ ಸಿದ್ಧ.”

ಇನ್ನು ಕ್ರಮ. ನೋಡುಗರನ್ನು ಕೊನೆತನಕ ಕೂರಿಸಲು ವಿಡಿಯೊದಲ್ಲಿ ‘ಎಕರೆಗೆ ಎಷ್ಟು’ ಎಂಬುದನ್ನು ಕಡೆಗಿಟ್ಟಿದ್ದೀರಿ. ಓದುವವರಿಗೆ ಅದು ಮೊದಲು ಬೇಕು: ಇದು ಒಂದು ಎಕರೆಗೆ ಸಾಕು, ಏಳು ದಿನದೊಳಗೆ ಬಳಸಬೇಕು. ಅಳತೆಗಳ ಬೆನ್ನಲ್ಲೇ ಇದನ್ನು ಹೇಳಿಬಿಡಿ.

ಮತ್ತೆ ಮತ್ತೆ ಬಂದ ಮಾತುಗಳನ್ನು ಕತ್ತರಿಸುವಾಗ ಅವಸರ ಬೇಡ. ಬೆಲ್ಲದ ಮಾತು ನಿಮ್ಮಲ್ಲಿ ಮೂರು ಕಡೆ ಬರುತ್ತದೆ. ಅದು ಸೂಕ್ಷ್ಮಜೀವಿಗಳಿಗೆ ಆಹಾರ ಎಂಬ ಕಾರಣ ಇರುವುದು ಮೂರನೆಯ ಸಲದಲ್ಲಿ ಮಾತ್ರ. ಮೂರನ್ನೂ ಪಕ್ಕಪಕ್ಕ ಇಟ್ಟುಕೊಂಡು, ಹೊಸದಾಗಿ ಹೇಳಿದ್ದನ್ನೆಲ್ಲ ಒಂದೇ ವಾಕ್ಯಕ್ಕೆ ತನ್ನಿ.

‘ತುಂಬ್ಸಿದೀನಿ’ಯನ್ನು ‘ತುಂಬಿಸಿದ್ದೇನೆ’ ಮಾಡಿದರೆ ಸಾಕು, ‘ತುಂಬಿಸಲಾಗುತ್ತದೆ’ ಬೇಡ. ಮಾಡುವವರು ಯಾರೆಂಬುದೇ ಅಲ್ಲಿ ಮರೆಯಾಗುತ್ತದೆ. ‘ಹಾಕಿ’, ‘ಕಲಕಿ’ ಎಂಬ ನೇರ ಮಾತು ಬರಹದಲ್ಲೂ ಚೆನ್ನಾಗಿಯೇ ನಿಲ್ಲುತ್ತದೆ.

ತಿದ್ದಿದ ಮೇಲೆ ವಿಡಿಯೊ ನೋಡದ ಒಬ್ಬರಿಗೆ ಓದಲು ಕೊಡಿ. ಅವರು ‘ಎಷ್ಟು?’, ‘ಯಾವಾಗ?’ ಎಂದು ಕೇಳಿದ ಸಾಲುಗಳನ್ನು ಸರಿಪಡಿಸಿ ನಮಗೆ ಮತ್ತೆ ಕಳಿಸಿ.